ಮೈಲುತುತ್ತ ಕೊಂಡವರಿಗೇ ಮೂರು ನೆನಪೋಲೆ

ಗೋಣಿಕೊಪ್ಪದ ಒಂದು ಗೊಬ್ಬರದಂಗಡಿಗೆ ನಾನು ವಾಟ್ಸಾಪ್ ಬಾಟ್ ಮಾಡಿಕೊಟ್ಟಿದ್ದೆ. ಜೂನ್ ಶುರುವಿನಲ್ಲಿ ಬೆಳೆಗಾರರೊಬ್ಬರು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯಲು ಸೋಮವಾರ ಮೈಲುತುತ್ತ, ಸುಣ್ಣ ಬುಕ್ ಮಾಡಿದರು. ಮಂಗಳವಾರ, ಬುಧವಾರ, ಗುರುವಾರ ಬೆಳಿಗ್ಗೆ 8ಕ್ಕೆ ನೆನಪಿನ ಮೆಸೇಜ್ ಹೋಗುವಂತೆ ಬಾಟ್ ಆಗಲೇ ಸಾಲು ಹಚ್ಚಿಟ್ಟಿತು.

ಸೋಮವಾರ ರಾತ್ರಿ ಗಾಳಿಮಳೆ. ಕರೆಂಟ್ ಹೋಯಿತು, ಟವರೂ ಹೋಯಿತು. ಬುಧವಾರ ಅವರೇ ಜೀಪಿನಲ್ಲಿ ಬಂದು ಸರಕು ಒಯ್ದರು. ಶುಕ್ರವಾರ ಸಂಜೆ ಟವರ್ ಎದ್ದದ್ದೇ ತಡ, ಮೂರೂ ಮೆಸೇಜ್ ಒಟ್ಟಿಗೆ ಬಂದವು. ಕೊನೆಯದರಲ್ಲಿ ‘ಇಂದೇ ಬಾರದಿದ್ದರೆ ಬುಕಿಂಗ್ ರದ್ದು’ ಅಂತ ಬೇರೆ! ‘ದುಡ್ಡು ಕೊಟ್ಟು ತಗೊಂಡು ಹೋದವನಿಗೆ ಇದೇನು ಮಾರಾಯ್ರೇ’ ಎಂದು ಅಂಗಡಿಗೆ ಫೋನ್ ಮಾಡಿ ಬೈದರು, ನಂಬರ್ ಬ್ಲಾಕ್ ಮಾಡಿದರು. ಆ ವಾರ ಬ್ಲಾಕ್ ಮಾಡಿದವರು ಅವರೊಬ್ಬರೇ ಅಲ್ಲ. ಅಂಥ ಬ್ಲಾಕ್‌ಗಳನ್ನು ವಾಟ್ಸಾಪ್ ಲೆಕ್ಕ ಇಡುತ್ತದೆ. ನಮ್ಮ ಟೆಂಪ್ಲೇಟಿನ, ಅಂದರೆ ವಾಟ್ಸಾಪ್ ಮೊದಲೇ ಒಪ್ಪಿದ ಮೆಸೇಜ್ ಮಾದರಿಯ, ಗುಣಮಟ್ಟ ಹಸಿರಿನಿಂದ ಹಳದಿಗೆ ಇಳಿಯಿತು.

ತಪ್ಪು ನನ್ನದೇ. ಬುಕ್ ಆದ ದಿನದ ಸ್ಥಿತಿ ನೋಡಿ ಗುರುವಾರದ ಮೆಸೇಜ್ ತೀರ್ಮಾನಿಸಿದ್ದೆ. ಈಗ ಕಳುಹಿಸುವ ಕ್ಷಣದಲ್ಲೇ ಬಾಟ್ ಅಂಗಡಿಯ ಬಿಲ್ ನೋಡುತ್ತದೆ. ಬಿಲ್ ಆಗಿದ್ದರೆ ಅಲ್ಲಿಗೇ ನಿಲ್ಲುತ್ತದೆ.

ಅಷ್ಟು ಸಾಲದು. ಮಂಗಳವಾರದ ಮೆಸೇಜ್ ಹೊರಟಾಗ ಬಿಲ್ ಆಗಿರಲಿಲ್ಲ, ಅಲ್ವಾ? ಫೋನ್ ಸಿಗದಿದ್ದರೆ ವಾಟ್ಸಾಪ್ ಮೆಸೇಜನ್ನು ಇಟ್ಟುಕೊಂಡು ಕಾಯುತ್ತದೆ. ನಾವು ಏನೂ ಹೇಳದಿದ್ದರೆ 30 ದಿನದವರೆಗೂ ಕಾಯಬಹುದು. ಮಳೆಗಾಲದ ಕೊಡಗಿಗೆ ಇದು ಆಗಿಬರುವುದಿಲ್ಲ. ಇಂಥ ನೆನಪೋಲೆಗಳು ಸೇರುವ ಯುಟಿಲಿಟಿ ವರ್ಗದ ಟೆಂಪ್ಲೇಟಿಗೆ ಆಯುಷ್ಯವನ್ನು 12 ಗಂಟೆಯವರೆಗೆ ಸೆಕೆಂಡಿನಲ್ಲಿ ಬರೆಯಬಹುದು:

```
"message_send_ttl_seconds": 43200
```

ಅಷ್ಟರೊಳಗೆ ತಲುಪದಿದ್ದರೆ ಮೆಸೇಜ್ ಬಿದ್ದುಹೋಗುತ್ತದೆ. ನಮಗೆ ತಿಳಿಯುವುದು `delivered` ಎಂಬ ಸ್ಥಿತಿ ಬಾರದೇ ಇರುವುದರಿಂದ. `sent` ಮಾತ್ರ ಇದ್ದರೆ ವಾಟ್ಸಾಪ್ ಕೈಗೆ ಹೋಗಿದೆ, ಬೆಳೆಗಾರರ ಕೈಗಲ್ಲ. ಆಗ ಬಾಟ್ ಎರಡನೆಯದನ್ನು ಕಳುಹಿಸುವುದಿಲ್ಲ. ಅಂಗಡಿಯವರಿಗೆ ‘ಇವರ ಫೋನ್ ಸಿಗ್ತಿಲ್ಲ’ ಎಂದು ತೋರಿಸುತ್ತದೆ. ಅಂದಹಾಗೆ `read` ಬಂದಿಲ್ಲ ಅಂತ ಮತ್ತೆ ಮತ್ತೆ ಕಳುಹಿಸಬೇಡಿ. ನೀಲಿ ಗುರುತು ಆಫ್ ಮಾಡಿಕೊಂಡವರು ಓದಿದರೂ ಅದು ಬರುವುದಿಲ್ಲ.

ತಲುಪಿಯೂ ಉತ್ತರ ಬರದಿದ್ದರೆ ಒಂದೇ ಸಲ ಕೇಳುತ್ತೇವೆ, ಆಮೇಲೆ ಸುಮ್ಮನಾಗುತ್ತೇವೆ. ‘ಜಿಂಕ್ ಮೇಲೂ ರಿಯಾಯಿತಿ ಇದೆ ಅಂತ ಒಂದು ಸಾಲು ಸೇರಿಸಿ’ ಎಂದು ಅಂಗಡಿಯವರು ಕೇಳಿದ್ದರು. ಬೇಡ ಅಂದೆ. ಆ ಸಾಲು ಸೇರಿದರೆ ಅದು ನೆನಪೋಲೆ ಅಲ್ಲ, ಜಾಹೀರಾತು. ವಾಟ್ಸಾಪ್ ಕೂಡ ಅದನ್ನು ಮಾರ್ಕೆಟಿಂಗ್ ಲೆಕ್ಕಕ್ಕೇ ಹಾಕುತ್ತದೆ.

ಒಂದು ತೊಂದರೆ ಇನ್ನೂ ಇದೆ. ಜನ ಜಾಸ್ತಿಯಾದಾಗ ಅಂಗಡಿಯ ಹುಡುಗ ಮೊದಲು ಸರಕು ಕೊಟ್ಟು, ಬಿಲ್ ಸಂಜೆ ಹಾಕುತ್ತಾನೆ. ಅದಕ್ಕೇ ಮೆಸೇಜಿನ ಕೆಳಗೆ ‘ತಗೊಂಡಾಯ್ತು’, ‘ನಾಳೆ ಬರ್ತೀನಿ’, ‘ಬೇಡ’ ಎಂಬ ಮೂರು ಬಟನ್ ಇಟ್ಟಿದ್ದೇನೆ. ಮೊದಲನೆಯದನ್ನು ಒತ್ತಿದರೆ ಬಿಲ್ ಆಗದಿದ್ದರೂ ಬಾಟ್ ಆ ಬುಕಿಂಗ್ ಬಗ್ಗೆ ಮತ್ತೆ ಕೇಳುವುದಿಲ್ಲ. ಬಿಲ್ ಹಾಕಲು ನೆನಪಿಸುವುದು ಆ ಹುಡುಗನಿಗೆ.