ಸೊನ್ನೆಯ ಹತ್ತಿರ ಕುಣಿಯುವ sin(1/x): ಎರಡು ಗೆರೆಗಳ ನಡುವೆ ಅದು ಸಿಕ್ಕಿಬಿದ್ದ ಕಥೆ

ಸೆಕೆಂಡ್ ಪಿಯು ಗಣಿತದ ಕಂಟಿನ್ಯುಯಿಟಿ ಪಾಠದ ಅಭ್ಯಾಸದಲ್ಲಿ ಒಂದು ಲೆಕ್ಕ ಇದೆ. x ಸೊನ್ನೆ ಅಲ್ಲದಾಗ f(x) = x² sin(1/x), ಸೊನ್ನೆಯಲ್ಲಿ ಮಾತ್ರ f(0) = 0. ಇದು ಕಂಟಿನ್ಯುಯಸ್ ಹೌದೋ ಅಲ್ಲವೋ ಅಂತ ಪ್ರಶ್ನೆ. ಹಾಸನದಲ್ಲಿ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಮಕ್ಕಳಲ್ಲಿ ಬೇಲೂರು, ಆಲೂರು, ಅರಸೀಕೆರೆ ಕಡೆಯಿಂದ ಬಸ್ ಹಿಡಿದು ಬರುವವರೇ ಜಾಸ್ತಿ. ಈ ಲೆಕ್ಕ ಕೊಟ್ಟರೆ ಮುಕ್ಕಾಲು ಜನ ಒಂದೇ ಸಾಲು ಬರೆಯುತ್ತಾರೆ: x² ಸೊನ್ನೆಗೆ ಹೋಗುತ್ತದೆ, ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ, ಮುಗೀತು.

ಉತ್ತರ ಸರಿ. ಕಾರಣ ತಪ್ಪು. ಹಾಗೆ ಹೇಳಬಹುದಾದರೆ x ಅನ್ನು 1/x ರಿಂದ ಗುಣಿಸಿದಾಗಲೂ ಸೊನ್ನೆ ಬರಬೇಕಿತ್ತು, ಆದರೆ ಅಲ್ಲಿ ಬರುವುದು 1. ಎರಡು ಫಂಕ್ಷನ್‌ಗಳ ಲಿಮಿಟ್ ಬೇರೆ ಬೇರೆ ತೆಗೆದು ಗುಣಿಸಬೇಕಾದರೆ ಎರಡಕ್ಕೂ ಲಿಮಿಟ್ ಇರಬೇಕು. ಇಲ್ಲಿ sin(1/x) ಗೆ ಅದು ಇಲ್ಲವೇ ಇಲ್ಲ. ಇಲ್ಲ ಅನ್ನುವುದನ್ನು ಗಣಿತದವರು ಬರೆದಿಟ್ಟು ಇನ್ನೂರು ವರ್ಷ ದಾಟಿದೆ.

ಮೊದಲು ಈ sin(1/x) ಏನು ಮಾಡುತ್ತದೆ ಅಂತ ನೋಡಿ. x ನ ಬೆಲೆ 2/π, ಅಂದರೆ ಸುಮಾರು 0.637 ಆದಾಗ 1/x ಅಂದರೆ π/2, ಸೈನ್ 1. x ಅನ್ನು 2/(3π), ಅಂದರೆ 0.212 ಕ್ಕೆ ಇಳಿಸಿದರೆ ಸೈನ್ −1. ಇನ್ನೂ ಇಳಿಸಿ 2/(5π), ಅಂದರೆ 0.127 ಮಾಡಿ, ಮತ್ತೆ 1. 0.091 ರಲ್ಲಿ ಮತ್ತೆ −1. ಸೊನ್ನೆಗೆ ಹತ್ತಿರವಾದಷ್ಟೂ ಏರಿಳಿತ ಒತ್ತೊತ್ತಾಗಿ ಬರುತ್ತದೆ. 0.1 ರಿಂದ 0.01 ಕ್ಕೆ ಬರುವಷ್ಟರಲ್ಲಿ ಸುಮಾರು 14 ಪೂರ್ತಿ ಅಲೆ, 0.01 ರಿಂದ 0.001 ಕ್ಕೆ ಬರುವಷ್ಟರಲ್ಲಿ ಸುಮಾರು 143. ಗ್ರಾಫ್ ಬರೆಯೋಕೆ ಹೋದರೆ ಸೊನ್ನೆಯ ಹತ್ತಿರ ಪೆನ್ಸಿಲ್ ಗೆರೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಪ್ಪು ಪಟ್ಟಿ ಆಗಿಬಿಡುತ್ತದೆ.

ಇಲ್ಲೊಂದು ಮಜಾ ಇದೆ. ಪುಸ್ತಕದ ಮಾತು ನಂಬದೆ ಕೆಲವರು ಫೋನಿನ ಕ್ಯಾಲ್ಕುಲೇಟರ್ ತೆಗೆದು x = 0.1, 0.01, 0.001 ಹೀಗೆ ಹಾಕುತ್ತಾ ಹೋಗುತ್ತಾರೆ. ಒಳ್ಳೇದೇ. ಆದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಏನು ಬರುತ್ತದೆ ಗೊತ್ತಾ? ಮೊದಲು 0.1736, ಆಮೇಲೆ 0.9848, ಆಮೇಲೆ −0.9848, ಅಲ್ಲಿಂದ ಮುಂದೆ ಎಷ್ಟು ಸೊನ್ನೆ ಸೇರಿಸಿದರೂ −0.9848 ಬಿಟ್ಟು ಬೇರೆ ಬರುವುದಿಲ್ಲ. "ಸರ್, ಲಿಮಿಟ್ ಸಿಕ್ತು!" ಅನ್ನುತ್ತಾರೆ. 1000 ಡಿಗ್ರಿಯಿಂದ 360 ಗಳನ್ನು ಕಳೆದರೆ ಉಳಿಯುವುದು 280. 10000 ಡಿಗ್ರಿಯಿಂದ ಕಳೆದರೂ 280, ಲಕ್ಷದಿಂದ ಕಳೆದರೂ 280. ಹಾಗಾಗಿ ಪ್ರತಿ ಸಲ ಒಂದೇ ಕೋನದ ಸೈನ್ ನೋಡುತ್ತಿರುತ್ತೀರಿ. ರೇಡಿಯನ್‌ಗೆ ಬದಲಾಯಿಸಿದರೆ ಅದೇ ಬೆಲೆಗಳಿಗೆ −0.544, −0.506, 0.827, −0.306 ಬರುತ್ತದೆ, ಯಾವುದೂ ನಿಲ್ಲುವುದಿಲ್ಲ. ಡಿಗ್ರಿಯಲ್ಲಿ ಬಂದಿದ್ದು ಕ್ಯಾಲ್ಕುಲೇಟರಿನ ತಪ್ಪೂ ಅಲ್ಲ, ಡಿಗ್ರಿಯ ತಪ್ಪೂ ಅಲ್ಲ. ನಾವು ಆರಿಸಿಕೊಂಡ ಬಿಂದುಗಳು ಹಾಗಿದ್ದವು, ಅಷ್ಟೇ. ಒಂದೇ ದಾರಿಯಲ್ಲಿ ಸೊನ್ನೆಗೆ ಹೋಗಿ ನೋಡಿ ಲಿಮಿಟ್ ಹೇಳಬಾರದು.

1821ರಲ್ಲಿ ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ನ ವಿದ್ಯಾರ್ಥಿಗಳಿಗಾಗಿ ಫ್ರಾನ್ಸಿನ ಗಣಿತಜ್ಞ ಕೋಶಿ ಒಂದು ಪಠ್ಯಪುಸ್ತಕ ಪ್ರಕಟಿಸಿದ. ಲಿಮಿಟ್ ಅನ್ನುವುದನ್ನು ಅಡಿಪಾಯ ಮಾಡಿಕೊಂಡು ಕ್ಯಾಲ್ಕುಲಸ್ ಕಟ್ಟಿದ ಪುಸ್ತಕ ಅದು. ಅದರ ಆರಂಭದಲ್ಲೇ ಈ sin(1/x) ಬರುತ್ತದೆ. x ಸೊನ್ನೆಗೆ ಹೋದಾಗ ಇದಕ್ಕೆ −1 ಮತ್ತು 1 ರ ನಡುವೆ ಲೆಕ್ಕವಿಲ್ಲದಷ್ಟು ಬೆಲೆಗಳಿವೆ ಅಂತ ಆತ ಬರೆದ, ಹಾಗೆ ಹಲವು ಬೆಲೆ ಇರುವಾಗ ತೋರಿಸೋಕೆ lim((sin(1/x))) ಅಂತ ಜೋಡಿ ಆವರಣವನ್ನೇ ಹಾಕಿದ. ಇವತ್ತು ನಾವು ಜೋಡಿ ಆವರಣ ಹಾಕುವುದಿಲ್ಲ, ಸುಮ್ನೆ "ಲಿಮಿಟ್ ಇಲ್ಲ" ಅನ್ನುತ್ತೇವೆ. ನನಗೇನೋ ಕೋಶಿಯ ಬರಹದಲ್ಲೇ ವಿಷಯ ಜಾಸ್ತಿ ಇದೆ ಅನ್ನಿಸುತ್ತದೆ. ಇಲ್ಲ ಅಂದರೆ ಯಾಕಿಲ್ಲ ಅನ್ನುವುದು ಮರೆಯಾಗುತ್ತದೆ, ಆತನದ್ದರಲ್ಲಿ −1 ರಿಂದ 1 ರವರೆಗಿನ ಪಟ್ಟಿ ಕಣ್ಣಿಗೆ ಕಾಣುತ್ತದೆ.

ಆ ಪಟ್ಟಿಯೇ ನಮಗೆ ಕೆಲಸಕ್ಕೆ ಬರುವುದು. sin(1/x) ಎಷ್ಟೇ ಕುಣಿದರೂ −1 ಕ್ಕಿಂತ ಕೆಳಗೆ ಇಳಿಯಲ್ಲ, 1 ಕ್ಕಿಂತ ಮೇಲೆ ಏರಲ್ಲ. ಗೊತ್ತಿಲ್ಲದ್ದನ್ನು ಗೊತ್ತಿರುವ ಎರಡರ ನಡುವೆ ಸಿಕ್ಕಿಸಿ ಹಿಡಿಯುವ ಉಪಾಯ ಕೋಶಿಗಿಂತ ಎಷ್ಟೋ ಹಳೆಯದು. ಆರ್ಕಿಮಿಡೀಸ್ ವೃತ್ತದ ಒಳಗೊಂದು ಹೊರಗೊಂದು 96 ಬಾಹುಗಳ ಆಕೃತಿ ಇಟ್ಟು, π ಅನ್ನುವುದು 3 10/71 ಕ್ಕಿಂತ ಜಾಸ್ತಿ, 3 1/7 ಕ್ಕಿಂತ ಕಡಿಮೆ ಅಂತ ತೋರಿಸಿದ್ದ. sin x / x ನ ಲಿಮಿಟ್ 1 ಅಂತ ತೋರಿಸುವಾಗ ಕೋಶಿ ಕೂಡ ಅದನ್ನು cos x ಮತ್ತು 1 ರ ನಡುವೆಯೇ ಹಿಡಿದ. ನಮ್ಮ ಫಸ್ಟ್ ಪಿಯು ಪುಸ್ತಕದಲ್ಲಿ ಸ್ಯಾಂಡ್‌ವಿಚ್ ಥಿಯರಮ್ ಬಳಸುವುದೂ ಇದೇ ಲೆಕ್ಕಕ್ಕೆ. ಸ್ಕ್ವೀಜ್ ಥಿಯರಮ್ ಅಂದರೂ ಅದೇ.

ಈಗ x sin(1/x) ಅನ್ನೇ ಮಾಡಿ ನೋಡೋಣ. −1 ≤ sin(1/x) ≤ 1 ಅಂತ ಬರೆದು, ಮೂರು ಕಡೆಗೂ x ಗುಣಿಸಿ −x ≤ x sin(1/x) ≤ x ಅಂತ ಬರೆಯುವುದು ಎಲ್ಲರ ಅಭ್ಯಾಸ. x = −0.5 ಹಾಕಿ ನೋಡಿ. ಎಡಗಡೆ 0.5, ಬಲಗಡೆ −0.5. ಅಂದರೆ 0.5 ಕ್ಕಿಂತ ದೊಡ್ಡದು, −0.5 ಕ್ಕಿಂತ ಚಿಕ್ಕದು ಒಂದು ಸಂಖ್ಯೆ ಇದೆ ಅಂದ ಹಾಗಾಯಿತು, ಅದಾಗಲ್ಲ ಅಲ್ವಾ? x ಋಣ ಸಂಖ್ಯೆ ಆದಾಗ ಚಿಹ್ನೆ ತಿರುಗುತ್ತದೆ ಅನ್ನುವುದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ, ಲಿಮಿಟ್ ಅನ್ನುವ ಪದ ಕಂಡ ಕೂಡಲೇ ಅದು ಮರೆತುಹೋಗುತ್ತದೆ. ಅದಕ್ಕೇ x ಬಿಟ್ಟು |x| ಬಳಸಿ:

−|x| ≤ x sin(1/x) ≤ |x|

ಇದು ಎರಡೂ ಬದಿಗೆ ಸರಿ. |x| ಸೊನ್ನೆಗೆ ಹೋಗುತ್ತದೆ, −|x| ಕೂಡ ಸೊನ್ನೆಗೆ ಹೋಗುತ್ತದೆ, ನಡುವೆ ಇರುವುದಕ್ಕೆ ಬೇರೆ ಜಾಗ ಇಲ್ಲ. ಬೆಲೆ 0.001 ರ ಒಳಗೆ ಬರಬೇಕಾದರೆ x ಎಷ್ಟು ಹತ್ತಿರ ಇರಬೇಕು ಅಂತ ಯಾರಾದರೂ ಕೇಳಿದರೂ ಉತ್ತರ ಅಲ್ಲೇ ಇದೆ: x ಅನ್ನು 0.001 ರ ಒಳಗೆ ಇಟ್ಟರೆ ಸಾಕು. cos(1/x) ಇದ್ದರೂ ಒಂದಕ್ಷರ ಬದಲಾಗಲ್ಲ. x² ಇದ್ದರೆ ಇನ್ನೂ ಸುಲಭ, ಅದು ಯಾವತ್ತೂ ಋಣ ಆಗುವುದಿಲ್ಲ, ಮಾಡ್ಯುಲಸ್ ಗೊಡವೆಯೇ ಬೇಡ.

ಆದರೆ ಇದೇ ಉಪಾಯದಿಂದ sin(1/x) ಗೆ ಲಿಮಿಟ್ ಇಲ್ಲ ಅಂತ ತೋರಿಸಲು ಹೋಗಬೇಡಿ. ಅಕ್ಕಪಕ್ಕದ ಗೆರೆಗಳು −1 ಮತ್ತು 1 ರಲ್ಲೇ ನಿಂತುಬಿಟ್ಟಿವೆ, ಒಂದಕ್ಕೊಂದು ಸೇರುವುದಿಲ್ಲ. ಗೆರೆಗಳು ಸೇರದಿದ್ದರೆ ಥಿಯರಮ್ ಏನೂ ಹೇಳುವುದಿಲ್ಲ, ಲಿಮಿಟ್ ಇದೆ ಅಂತಲೂ ಇಲ್ಲ ಅಂತಲೂ. ಇಲ್ಲ ಅಂತ ತೋರಿಸೋಕೆ ಮೇಲೆ ನೋಡಿದ ಎರಡು ದಾರಿಗಳೇ ಬೇಕು: 2/π, 2/(5π), 2/(9π) ಹಿಡಿದು ಹೋದರೆ ಯಾವಾಗಲೂ 1, 2/(3π), 2/(7π) ಹಿಡಿದು ಹೋದರೆ ಯಾವಾಗಲೂ −1.

ಇನ್ನೊಂದು ತಪ್ಪು ಚುರುಕು ಮಕ್ಕಳೇ ಮಾಡುವಂಥದ್ದು. x sin(1/x) ಅನ್ನು sin(1/x) / (1/x) ಅಂತ ತಿರುಗಿಸಿ ಬರೆದು, "sin θ / θ ಅಂದರೆ 1" ಅಂತ ಉತ್ತರ ಕೊಡುತ್ತಾರೆ. ತಿರುಗಿಸಿದ್ದು ಸರಿ. ಆದರೆ ಆ ಸೂತ್ರ θ ಸೊನ್ನೆಗೆ ಹೋಗುವಾಗಿನದು. ಇಲ್ಲಿ x ಸೊನ್ನೆಗೆ ಹೋದರೆ 1/x ಬೆಳೆಯುತ್ತಾ ಹೋಗುತ್ತದೆ. x ಅನಂತಕ್ಕೆ ಹೋಗುವ ಲೆಕ್ಕವಾಗಿದ್ದರೆ ಉತ್ತರ ನಿಜವಾಗಿಯೂ 1. ಹಾಗಾಗಿ ಪ್ರಶ್ನೆಯಲ್ಲಿ lim ಕೆಳಗೆ ಏನಿದೆ ಅಂತ ಮೊದಲು ನೋಡಬೇಕು. ಎರಡೂ ಲೆಕ್ಕ ಬರೆದಾಗ ಒಂದೇ ಥರ ಕಾಣುತ್ತವೆ.

ಕೋಶಿಯ ನಂತರ ಈ ಫಂಕ್ಷನ್ ಮತ್ತೆ ದೊಡ್ಡ ವೇದಿಕೆಗೆ ಬಂದಿದ್ದು 1875ರಲ್ಲಿ. ಕಂಟಿನ್ಯುಯಸ್ ಅಲ್ಲದ ಫಂಕ್ಷನ್‌ಗಳ ಮೇಲೆ ಬರೆದ ಪ್ರಬಂಧದಲ್ಲಿ ಫ್ರಾನ್ಸಿನ ಡಾರ್ಬು x² sin(1/x) ಅನ್ನು ಎತ್ತಿಕೊಂಡ, ಅದೇ ನಮ್ಮ ಪಿಯು ಲೆಕ್ಕ. ಪ್ರಶ್ನೆ ಡಿರೈವೇಟಿವ್ ಬಗ್ಗೆ. ಸೂತ್ರ ಹಾಕಿ ತೆಗೆದರೆ 2x sin(1/x) − cos(1/x) ಬರುತ್ತದೆ. ಮೊದಲ ಭಾಗ ಈಗಷ್ಟೇ ಮಾಡಿದ ಹಾಗೆ ಸೊನ್ನೆಗೆ ಹೋಗುತ್ತದೆ, ಎರಡನೆಯದು −1 ಮತ್ತು 1 ರ ನಡುವೆ ಕುಣಿಯುತ್ತಲೇ ಇರುತ್ತದೆ. ಅಲ್ಲಿಗೆ ಸೊನ್ನೆಯಲ್ಲಿ ಡಿರೈವೇಟಿವ್ ಇಲ್ಲ ಅಂತ ಬರೆದು ಪೆನ್ನು ಕೆಳಗಿಡುವವರಿದ್ದಾರೆ. ಆದರೆ ಆ ಸೂತ್ರ x ಸೊನ್ನೆ ಅಲ್ಲದ ಕಡೆ ಮಾತ್ರ ಹೇಳಿದ್ದು. ಸೊನ್ನೆಯಲ್ಲಿ ಬೇಕಾದರೆ ವ್ಯಾಖ್ಯೆಗೇ ಹೋಗಬೇಕು: h² sin(1/h) ಅನ್ನು h ನಿಂದ ಭಾಗಿಸಿದರೆ h sin(1/h), ಅದು −|h| ಮತ್ತು |h| ನಡುವೆ ಸಿಕ್ಕಿ ಸೊನ್ನೆಗೆ ಹೋಗುತ್ತದೆ. ಡಿರೈವೇಟಿವ್ ಇದೆ, ಬೆಲೆ 0. ಇದೆ, ಆದರೆ ಅಲ್ಲಿ ಅದು ಕಂಟಿನ್ಯುಯಸ್ ಅಲ್ಲ. ಡಿರೈವೇಟಿವ್ ಎಲ್ಲ ಕಡೆ ಇದ್ದ ಮೇಲೆ ಅದು ಕಂಟಿನ್ಯುಯಸ್ ಆಗಿಯೇ ಇರುತ್ತದೆ ಅಂದುಕೊಂಡವರಿಗೆ ಇದೊಂದೇ ಉದಾಹರಣೆ ಸಾಕು. 1881ರಲ್ಲಿ ಇಟಲಿಯ ವೋಲ್ಟೆರಾ ಇದೇ ಕುಣಿತದ ತುಂಡುಗಳನ್ನು ಜೋಡಿಸಿ, ಬೌಂಡೆಡ್ ಆಗಿದ್ದರೂ ರೀಮನ್ ರೀತಿಯಲ್ಲಿ ಇಂಟಿಗ್ರೇಟ್ ಮಾಡಲಾಗದ ಡಿರೈವೇಟಿವ್ ಇರುವ ಫಂಕ್ಷನ್ ಕಟ್ಟಿದ.

ಲೋಪಿಟಾಲ್ ನಿಯಮ ಕಲಿತವರು ಜಾರಿಬೀಳುವುದೂ ಈ cos(1/x) ಮೇಲೆಯೇ. x² sin(1/x) / sin x ಕೊಟ್ಟರೆ ಮೇಲೆ ಕೆಳಗೆ ಎರಡೂ ಸೊನ್ನೆ ಅಂತ ಡಿರೈವೇಟಿವ್ ತೆಗೆಯುತ್ತಾರೆ, ಮೇಲ್ಗಡೆ cos(1/x) ಕುಣಿಯುತ್ತದೆ, ಲಿಮಿಟ್ ಇಲ್ಲ ಅನ್ನುತ್ತಾರೆ. ಡಿರೈವೇಟಿವ್‌ಗಳ ಭಾಗಲಬ್ಧಕ್ಕೆ ಲಿಮಿಟ್ ಇದ್ದರೆ ಮಾತ್ರ ಆ ನಿಯಮ ಮಾತಾಡುತ್ತದೆ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಇದನ್ನು (x / sin x) ಗುಣಿಸು x sin(1/x) ಅಂತ ಬಿಡಿಸಿ. ಮೊದಲನೆಯದು 1, ಎರಡನೆಯದು 0, ಎರಡಕ್ಕೂ ಲಿಮಿಟ್ ಇದೆ, ಈಗ ಧೈರ್ಯವಾಗಿ ಗುಣಿಸಬಹುದು. ಉತ್ತರ 0.

ಸೈನ್, ಕೊಸೈನ್ ಆಯಿತು, x tan(1/x) ಕೊಟ್ಟರೆ ಏನು ಮಾಡೋದು ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಈ ಉಪಾಯ ನಡೆಯುವುದಿಲ್ಲ, ಟ್ಯಾನ್‌ಗೆ ಮೇಲೆ ಕೆಳಗೆ ಗಡಿಯೇ ಇಲ್ಲ. x = 1/π, 1/(2π), 1/(3π) ರಲ್ಲಿ ಅದರ ಬೆಲೆ ಸೊನ್ನೆ. ಆದರೆ 2/π, 2/(3π), 2/(5π) ರ ಪಕ್ಕಕ್ಕೆ ಬಂದರೆ ಟ್ಯಾನ್ ಎಷ್ಟು ಬೇಕಾದರೂ ದೊಡ್ಡದಾಗುತ್ತದೆ, ಮುಂದಿರುವ x ಎಷ್ಟೇ ಚಿಕ್ಕದಿದ್ದರೂ ಅದನ್ನು ಹಿಡಿದಿಡಲು ಆಗುವುದಿಲ್ಲ. ಇಂಥ ಬಿಂದುಗಳು ಸೊನ್ನೆಯ ಎಷ್ಟು ಹತ್ತಿರ ಹೋದರೂ ಇದ್ದೇ ಇರುತ್ತವೆ, ಹಾಗಾಗಿ ಅದಕ್ಕೆ ಲಿಮಿಟ್ ಇಲ್ಲ.