ಓಟಿ ದುಡ್ಡಿಗೂ ಪಿಎಫ್ ಕಡಿದಿದ್ದಾರೆಯೇ? ಪೇ ಸ್ಲಿಪ್ ನೋಡಿ

ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತಲೇ ಕಾರವಾರದ ಐಸ್ ಫ್ಯಾಕ್ಟರಿಗಳಲ್ಲಿ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಹಾಗಾಗಿ ಆಗಸ್ಟ್ ತಿಂಗಳ ಪೇ ಸ್ಲಿಪ್ಪಿನಲ್ಲಿ ಓಟಿ ಇದ್ದೇ ಇರುತ್ತದೆ. ಲೆಕ್ಕ ತಪ್ಪುವುದೂ ಅಲ್ಲೇ.

ಒಬ್ಬ ಆಪರೇಟರನ ಸ್ಲಿಪ್ ಎಂದುಕೊಳ್ಳಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 23,400 ರೂಪಾಯಿ, ಬೇರೆ ಭತ್ಯೆ ಇಲ್ಲ. ಎಂಟು ಗಂಟೆಯ ಪಾಳಿ, ವಾರಕ್ಕೆ ಆರು ದಿನ. ತಿಂಗಳಲ್ಲಿ ಎಂಟು ದಿನ ಮೂರು ಮೂರು ಗಂಟೆ ಹೆಚ್ಚು ದುಡಿದಿದ್ದಾನೆ, ಒಟ್ಟು 24 ಗಂಟೆ. ಸ್ಲಿಪ್ಪಿನಲ್ಲಿ ಓಟಿ 2,700, ಪಿಎಫ್ 3,132, ವೃತ್ತಿ ತೆರಿಗೆ 200, ಕೈಗೆ 22,768.

ಮೊದಲು ಗಂಟೆಯ ದರ ಹಿಡಿಯಿರಿ. 23,400ನ್ನು 26 ದಿನಕ್ಕೆ ಭಾಗಿಸಿದರೆ 900, ಎಂಟು ಗಂಟೆಗೆ ಭಾಗಿಸಿದರೆ 112.50. ಭಾನುವಾರದ ರಜೆ ಬಿಟ್ಟರೆ ದುಡಿಯುವ ದಿನ 26 ತಾನೆ? ಕೆಲವರು 30ರಿಂದ ಭಾಗಿಸಿ ದರ ಇಳಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಕಾನೂನಿನ ಪ್ರಕಾರ ಓಟಿಗೆ ಇದರ ದುಪ್ಪಟ್ಟು, ಅಂದರೆ ಗಂಟೆಗೆ 225, ಒಟ್ಟು 5,400 ಸಿಗಬೇಕು. ಇಲ್ಲಿ ಕೊಟ್ಟಿದ್ದು ಒಂಟಿ ದರ. ಆದರೆ ಒಂದು ವಿಷಯ: ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ದಾಟಿದರಷ್ಟೇ ಓಟಿ. ಆ ವಾರ ಒಂದು ದಿನ ರಜೆ ಹಾಕಿದ್ದರೆ, 11 ಗಂಟೆ ದುಡಿದ ದಿನಕ್ಕೆ ಸಿಗುವುದು ಎರಡೇ ಗಂಟೆಯ ಓಟಿ. ಅದಕ್ಕೇ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೂರಬೇಕು.

ಪಿಎಫ್ ಲೆಕ್ಕಕ್ಕೆ ಓಟಿ ಸೇರುವುದಿಲ್ಲ. ಈ ಕಂಪನಿ 15,000ದ ಮಿತಿಗೆ ನಿಲ್ಲದೆ ಪೂರ್ತಿ ಸಂಬಳಕ್ಕೆ ಪಿಎಫ್ ಕಟ್ಟುತ್ತದೆ, ಅದು ಸರಿಯೇ. 23,400ರ ಶೇ. 12 ಎಂದರೆ 2,808. ಸ್ಲಿಪ್ಪಿನ 3,132 ಬಂದಿದ್ದು ಓಟಿ ಸೇರಿಸಿದ 26,100ರ ಮೇಲೆ. ಹೆಚ್ಚಾದ 324 ರೂಪಾಯಿ ಖಾತೆಗಾದರೂ ಹೋಯಿತೇ? ಯುಎಎನ್ ಹಾಕಿ ಪಾಸ್‌ಬುಕ್ ತೆರೆದರೆ ಗೊತ್ತಾಗುತ್ತದೆ. ಅಲ್ಲಿ ನೌಕರನ ಪಾಲು 2,808 ಎಂದಿದ್ದರೆ, ಆ 324 ಕಂಪನಿಯಲ್ಲೇ ಉಳಿದಿದೆ. ನನ್ನ ಮಟ್ಟಿಗೆ ಇದು ಒಂಟಿ ದರದ ಓಟಿಗಿಂತ ಗಂಭೀರ.

ವೃತ್ತಿ ತೆರಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ 200, ಫೆಬ್ರವರಿಯಲ್ಲಿ ಮಾತ್ರ 300. ಓಟಿ ಸೇರಿ ಮೊತ್ತ ದಾಟಿದೆಯೆಂದು ಆಗಸ್ಟಿನಲ್ಲಿ ಕಡಿದಿದ್ದಾರೆ, ಇರಲಿ. ಓಟಿಯೇ ಇಲ್ಲದ ಜೂನ್, ಜುಲೈ ಸ್ಲಿಪ್ಪಿನಲ್ಲೂ 200 ಕಂಡರೆ ಕೇಳಲೇಬೇಕು, 23,400ಕ್ಕೆ ಈ ತೆರಿಗೆ ಇಲ್ಲ.

ಎಲ್ಲ ಸರಿಪಡಿಸಿದರೆ ಕೈಗೆ ಬರಬೇಕಾದದ್ದು 25,792. ವ್ಯತ್ಯಾಸ 3,024 ರೂಪಾಯಿ. ಕಚೇರಿಗೆ ಬಾಯಿಮಾತಲ್ಲಿ ಹೇಳಬೇಡಿ, ಓಟಿಯ ದಿನಾಂಕಗಳ ಸಮೇತ ಬರೆದು ಕೊಟ್ಟು ಪ್ರತಿಗೆ ಸಹಿ ಪಡೆಯಿರಿ. ಪಿಎಫ್ ದೂರಿಗೆ ಮಾತ್ರ ಸ್ವಲ್ಪ ತಾಳಿ: ಆಗಸ್ಟಿನ ಹಣ ಕಟ್ಟಲು ಕಂಪನಿಗೆ ಸೆಪ್ಟೆಂಬರ್ 15ರವರೆಗೆ ಸಮಯವಿದೆ, ಪಾಸ್‌ಬುಕ್ಕಿನಲ್ಲಿ ಕಾಣುವುದು ಆಮೇಲೆ.