ಇಂಟರ್ನ್ ಎಂಬ ಹೆಸರು, ಪೂರ್ಣಾವಧಿ ದುಡಿಮೆ ಮತ್ತು ಒಂದು ಪತ್ರದ ಬೆದರಿಕೆ

ಬೆಂಗಳೂರಿನಲ್ಲಿ ಕಾರ್ಮಿಕ ಕಾನೂನಿನ ವಕೀಲಳಾಗಿ ಕೆಲಸ ಮಾಡುವ ನನ್ನ ಬಳಿಗೆ ಬರುವ ಇಂಟರ್ನ್‌ಗಳಲ್ಲಿ ಹೆಚ್ಚಿನವರು ಮೊದಲು ಕೇಳುವುದು ಹಣದ ವಿಷಯವನ್ನಲ್ಲ. ಇತ್ತೀಚೆಗೆ ಬಂದ, ಹಾಸನ ಕಡೆಯ ಯುವತಿಯೂ ಕುರ್ಚಿಯ ಅಂಚಿನಲ್ಲಿ ಕುಳಿತು ಮೊದಲು ಕೇಳಿದ್ದು ಇದನ್ನೇ: "ಮೇಡಂ, ನಾನು ಇಲ್ಲಿಗೆ ಬಂದದ್ದು ಅವರಿಗೆ ಗೊತ್ತಾಗುತ್ತದೆಯೇ?" ಆಕೆ ವಿನ್ಯಾಸದಲ್ಲಿ ಪದವಿ ಮುಗಿಸಿ, ಕಚೇರಿಗಳ ಒಳಾಂಗಣವನ್ನು ಗುತ್ತಿಗೆಗೆ ತೆಗೆದುಕೊಂಡು ಮಾಡಿಕೊಡುವ ಒಂದು ಕಂಪನಿಗೆ ಆರು ತಿಂಗಳ ಇಂಟರ್ನ್ ಆಗಿ ಸೇರಿದ್ದರು. ಸ್ಟೈಪೆಂಡ್ ತಿಂಗಳಿಗೆ 8,000 ರೂಪಾಯಿ. ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ, ಊಟದ ಒಂದು ಗಂಟೆ ಬಿಟ್ಟು, ವಾರಕ್ಕೆ ಆರು ದಿನ ಕೆಲಸ. ಆರನೆಯ ತಿಂಗಳು ಮುಗಿದಾಗ "ಇನ್ನೊಂದು ಪ್ರಾಜೆಕ್ಟ್ ಮುಗಿಸಿಕೊಡು, ಆಮೇಲೆ ನೋಡೋಣ" ಎಂದರು. ಏಳನೆಯ ತಿಂಗಳೂ ಅದೇ ಸ್ಟೈಪೆಂಡ್ ಬಂತು. ಬಿಡುತ್ತೇನೆ ಎಂದಾಗ, ತನಗೆ ಬರಬೇಕಾದ ಹಣವೆಲ್ಲ ಬಂದಿದೆ, ಮುಂದೆ ಯಾವ ತಕರಾರನ್ನೂ ಎತ್ತುವುದಿಲ್ಲ, ಯಾರ ಬಳಿಯೂ ಈ ಬಗ್ಗೆ ಮಾತನಾಡುವುದಿಲ್ಲ ಎಂಬ ಒಂದು ಪುಟದ ಕಾಗದವನ್ನು ಮುಂದಿಟ್ಟು, ಇದಕ್ಕೆ ಸಹಿ ಮಾಡಿದರೆ ಮಾತ್ರ ಅನುಭವ ಪತ್ರ ಮತ್ತು ಒಳ್ಳೆಯ ರೆಫರೆನ್ಸ್ ಎಂದರು. ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ, ಪ್ರಶ್ನೆಗಳನ್ನು ಬದಲಿಸಿಲ್ಲ.

ಮೊದಲನೆಯ ಪ್ರಶ್ನೆ, ಆಕೆ ಕಾನೂನಿನ ದೃಷ್ಟಿಯಲ್ಲಿ ಯಾರು ಎಂಬುದು. ಆಫರ್ ಲೆಟರ್‌ನಲ್ಲಿ ಇಂಟರ್ನ್ ಎಂದು ಬರೆದುಕೊಂಡ ಮಾತ್ರಕ್ಕೆ ಈ ಪ್ರಶ್ನೆ ಮುಗಿಯುವುದಿಲ್ಲ. ಅಪ್ರೆಂಟಿಸ್ ಕಾಯ್ದೆ, 1961ರ ಅಡಿಯಲ್ಲಿ ಒಪ್ಪಂದ ಮಾಡಿಕೊಂಡು, ಅದನ್ನು ನೋಂದಾಯಿಸಿ, ನಿಗದಿಯಾದ ಸ್ಟೈಪೆಂಡ್ ಕೊಟ್ಟು ತರಬೇತಿ ಕೊಡುವ ವ್ಯವಸ್ಥೆ ಒಂದಿದೆ. ಅಂಥವರನ್ನು ವೇತನ ಸಂಹಿತೆ, 2019 ಉದ್ಯೋಗಿಗಳ ಲೆಕ್ಕದಿಂದ ಹೊರಗಿಟ್ಟಿದೆ. ಆದರೆ ಸಂಹಿತೆ ಹೊರಗಿಟ್ಟಿರುವುದು ಆ ಕಾಯ್ದೆಯಡಿ ತೆಗೆದುಕೊಂಡ ಅಪ್ರೆಂಟಿಸ್‌ಗಳನ್ನೇ ಹೊರತು, ಕಂಪನಿಯೇ ಹೆಸರಿಟ್ಟುಕೊಂಡ ಪ್ರತಿಯೊಬ್ಬ ಇಂಟರ್ನ್‌ನನ್ನೂ ಅಲ್ಲ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಇನ್ನೂ ಮುಂದೆ ಹೋಗಿ, ದುಡಿಮೆಗೆ ಪ್ರತಿಫಲವನ್ನೇ ಪಡೆಯದವರನ್ನೂ ಅಪ್ರೆಂಟಿಸ್‌ಗಳನ್ನೂ ಉದ್ಯೋಗಿ ಎಂಬ ಪದದ ಅರ್ಥದೊಳಗೆ ಸೇರಿಸಿಕೊಂಡಿದೆ. ಆರು ದಶಕಗಳ ಹಿಂದೆ ಆ ವಾಕ್ಯವನ್ನು ಬರೆದವರಿಗೆ ಕೆಲಸ ಕಲಿಸುವ ನೆಪದಲ್ಲಿ ಅಂಗಡಿಯಲ್ಲಿ ಹುಡುಗರನ್ನು ದುಡಿಸಿಕೊಳ್ಳುವ ಪದ್ಧತಿ ಚೆನ್ನಾಗಿ ಗೊತ್ತಿದ್ದಿರಬೇಕು ಎಂದು ಅದನ್ನು ಓದುವಾಗಲೆಲ್ಲ ನನಗೆ ಅನಿಸುತ್ತದೆ.

ಹಾಗಾದರೆ ತರಬೇತಿ ಎಲ್ಲಿ ಮುಗಿಯುತ್ತದೆ, ಕೆಲಸ ಎಲ್ಲಿ ಶುರುವಾಗುತ್ತದೆ? ಇಂಥ ಪ್ರಕರಣಗಳಲ್ಲಿ ನಾನು ಕೇಳುವುದು ಸರಳವಾದ ಒಂದು ಪ್ರಶ್ನೆ: ನೀವು ನಾಳೆ ಹೋಗದಿದ್ದರೆ ಅಲ್ಲಿ ಏನು ನಿಲ್ಲುತ್ತದೆ? ಕಲಿಯಲು ಬಂದವರು ಒಂದು ದಿನ ಬಾರದಿದ್ದರೆ ಕಲಿಕೆ ನಿಲ್ಲುತ್ತದೆ, ಕಚೇರಿಯ ಕೆಲಸ ನಿಲ್ಲುವುದಿಲ್ಲ. ಈ ಯುವತಿ ಹೋಗದಿದ್ದರೆ ಬಡಗಿಗಳ ಕೈಗೆ ನಕ್ಷೆ ಸಿಗುತ್ತಿರಲಿಲ್ಲ, ಸೈಟ್‌ನಲ್ಲಿ ಅಳತೆ ತೆಗೆಯುವವರು ಇರುತ್ತಿರಲಿಲ್ಲ, ಗ್ರಾಹಕರ ಸಭೆಯ ಟಿಪ್ಪಣಿ ಹೋಗುತ್ತಿರಲಿಲ್ಲ. ಆಕೆಯ ಕೆಲಸವನ್ನು ಕಂಪನಿ ಗ್ರಾಹಕರ ಬಿಲ್ಲಿನಲ್ಲಿ ಸೇರಿಸುತ್ತಿತ್ತು. ಆಕೆಗೆ ಕಲಿಸಬೇಕೆಂದು ನೇಮಿಸಿದ್ದ ಹಿರಿಯ ವಿನ್ಯಾಸಕರು ಎರಡನೆಯ ತಿಂಗಳಲ್ಲೇ ಕೆಲಸ ಬಿಟ್ಟಿದ್ದರು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ ಅವರ ಕಡತಗಳನ್ನು ಈಕೆಗೆ ವಹಿಸಿದ್ದರು. ನನ್ನ ಮಟ್ಟಿಗೆ ಪ್ರಕರಣ ಇತ್ಯರ್ಥವಾದದ್ದು ಆ ಒಂದು ಸಂಗತಿಯಲ್ಲೇ.

ಈ ಪರೀಕ್ಷೆ ಎಲ್ಲರಿಗೂ ಹೀಗೆ ನಿಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಇನ್ನೂ ಓದುತ್ತಿದ್ದು, ಪಠ್ಯಕ್ರಮದ ಭಾಗವಾಗಿ ಕಾಲೇಜೇ ಕಳಿಸಿದ ವಿದ್ಯಾರ್ಥಿಯ ವಾದ ದುರ್ಬಲವಾಗಿರುತ್ತದೆ. ಅಲ್ಲಿ ಮೊದಲು ಹೋಗಬೇಕಾದದ್ದು ಕಾಲೇಜಿನ ತರಬೇತಿ ಸಂಯೋಜಕರ ಬಳಿಗೆ, ಅದೂ ಲಿಖಿತವಾಗಿ. ಇನ್ನು ವಕೀಲರ ಕಚೇರಿಗಳು ವಾಣಿಜ್ಯ ಸಂಸ್ಥೆಗಳಲ್ಲ ಎಂದು ಕೇರಳದ ಕಾಯ್ದೆಯ ಸಂಬಂಧದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ, ಆದ್ದರಿಂದ ನನ್ನದೇ ವೃತ್ತಿಯ ಕಿರಿಯರಿಗೆ ಅಂಗಡಿ ಕಾಯ್ದೆಯ ಆಸರೆ ಸುಲಭವಾಗಿ ಸಿಗುವುದಿಲ್ಲ. ಇದು ನನಗೆ ನೋವಿನ ವಿಷಯ.

ಲೆಕ್ಕಕ್ಕೆ ಬರೋಣ. ಕನಿಷ್ಠ ವೇತನವು ಕೆಲಸದ ವರ್ಗ, ಕುಶಲತೆ ಮತ್ತು ವಲಯಕ್ಕೆ ತಕ್ಕಂತೆ ಬೇರೆಯಾಗುತ್ತದೆ, ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತದೆ. ಹಾಗಾಗಿ ಇಲ್ಲಿ ಉದಾಹರಣೆಗೆಂದು ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ. ತಿಂಗಳಿಗೆ ಕಡಿಮೆ ಬಂದದ್ದು 7,000. ಏಳು ತಿಂಗಳಿಗೆ 49,000. ಬಹುಪಾಲು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಕರ್ನಾಟಕದ ಕಾಯ್ದೆಯಂತೆ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಎರಡು ಪಟ್ಟು ದರ ಕೊಡಬೇಕು, ಮತ್ತು ಆಕೆ ದಿನಕ್ಕೆ ಹತ್ತು ಗಂಟೆಯಂತೆ ಆರು ದಿನ, ಅಂದರೆ 60 ಗಂಟೆ ದುಡಿದಿದ್ದರು. 15,000ವನ್ನು 26 ದಿನಕ್ಕೂ ಎಂಟು ಗಂಟೆಗೂ ಭಾಗಿಸಿದರೆ ಗಂಟೆಗೆ ಸುಮಾರು 72 ರೂಪಾಯಿ; ಎರಡು ಪಟ್ಟು 144. ವಾರಕ್ಕೆ 12 ಹೆಚ್ಚುವರಿ ಗಂಟೆಗೆ 1,728, ಮೂವತ್ತು ವಾರಕ್ಕೆ 51,840. ಸಂಬಳದ ಕೊರತೆಗಿಂತ ಓವರ್‌ಟೈಮ್ ಬಾಕಿಯೇ ದೊಡ್ಡದು. ಏಳು ತಿಂಗಳಲ್ಲಿ ಆಕೆಯ ಕೈಗೆ ಬಂದದ್ದು 56,000. ಬರಬೇಕಾಗಿ ಉಳಿದದ್ದು ಒಂದು ಲಕ್ಷಕ್ಕೂ ಮೇಲೆ. ಕಾಗದದ ಮೇಲೆ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ.

ಇನ್ನು ಆ ಒಂದು ಪುಟದ ಕಾಗದ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ 60ನೆಯ ಪ್ರಕರಣದ ಪ್ರಕಾರ, ಸಂಹಿತೆಯಡಿ ತನಗೆ ಬರಬೇಕಾದ ಹಣವನ್ನು ಉದ್ಯೋಗಿ ಬಿಟ್ಟುಕೊಡುವಂಥ ಒಪ್ಪಂದ ಆ ಮಟ್ಟಿಗೆ ಶೂನ್ಯ. ಹಿಂದಿನ ಕನಿಷ್ಠ ವೇತನ ಕಾಯ್ದೆ, 1948ರಲ್ಲೂ ಇಂಥದೇ ನಿಯಮವಿತ್ತು. ಅಂದರೆ ಆಕೆ ಸಹಿ ಮಾಡಿದ್ದರೂ ಬಾಕಿ ಕೇಳುವ ಹಕ್ಕು ಹೋಗುತ್ತಿರಲಿಲ್ಲ. ಕಾನೂನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ: ಬೇರೆ ದಾರಿಯಿಲ್ಲದೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ ತೀರ್ಪು ಕೊಟ್ಟಿದೆ. ಸಹಿ ಇದೆಯಲ್ಲ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಆದರೂ ಸಹಿ ಮಾಡಬೇಡಿ ಎಂದೇ ನಾನು ಹೇಳುತ್ತೇನೆ, ಏಕೆಂದರೆ "ಎಲ್ಲ ಹಣ ಬಂದಿದೆ" ಎಂಬ ಸಾಲನ್ನು ಮುಂದೆ ಹಣ ಪಾವತಿಯಾದದ್ದಕ್ಕೆ ಸಾಕ್ಷಿಯಾಗಿ ಬಳಸಲು ಅವರು ಖಂಡಿತ ಪ್ರಯತ್ನಿಸುತ್ತಾರೆ. ಹಣ ಕೊಟ್ಟಿದ್ದೇವೆ ಎಂದು ಸಾಬೀತುಪಡಿಸುವ ಹೊಣೆಯನ್ನು ಸಂಹಿತೆಯ 59ನೆಯ ಪ್ರಕರಣ ಮಾಲೀಕರ ಮೇಲೆಯೇ ಹೊರಿಸಿದೆ. ಆ ಭಾರವನ್ನು ನಾವಾಗಿ ಹಗುರ ಮಾಡಿಕೊಡಬಾರದು.

ಹಣ ಕೊಟ್ಟದ್ದನ್ನು ಅವರು ತೋರಿಸಬೇಕು, ಸರಿ. ಆದರೆ ಕೆಲಸ ಮಾಡಿದ್ದನ್ನು ನಾವು ತೋರಿಸಬೇಕು. ಈ ಪ್ರಕರಣದಲ್ಲಿ ಅದು ಸಿಕ್ಕಿದ್ದು ನಕ್ಷೆಯ ಮೂಲೆಯಲ್ಲಿ. ಪ್ರತಿ ಹಾಳೆಯ ಬಲಗಡೆ ಕೆಳಗೆ ಟೈಟಲ್ ಬ್ಲಾಕ್ ಎಂಬ ಚೌಕಟ್ಟು ಇರುತ್ತದೆ: ನಕ್ಷೆಯ ಸಂಖ್ಯೆ, ಪರಿಷ್ಕರಣೆಯ ಸಂಖ್ಯೆ, ದಿನಾಂಕ, ಬರೆದವರ ಮತ್ತು ಪರಿಶೀಲಿಸಿದವರ ಹೆಸರಿನ ಮೊದಲ ಅಕ್ಷರಗಳು. ಎರಡನೆಯ ತಿಂಗಳಿನಿಂದ ಬರೆದವರ ಜಾಗದಲ್ಲೆಲ್ಲ ಆಕೆಯ ಅಕ್ಷರಗಳೇ ಇದ್ದವು. ಹಿರಿಯರು ಬಿಟ್ಟುಹೋದ ಮೇಲಂತೂ ಪರಿಶೀಲಿಸಿದವರ ಜಾಗದಲ್ಲಿಯೂ ಅವೇ ಅಕ್ಷರಗಳು. ಕಲಿಯುವವರು ತಮ್ಮ ಕೆಲಸವನ್ನು ತಾವೇ ಪರಿಶೀಲಿಸಿ ಸೈಟಿಗೆ ಕಳಿಸುವ ತರಬೇತಿ ಯಾವುದಿದೆ? ಇದರ ಜೊತೆಗೆ ಪ್ರಾಜೆಕ್ಟ್‌ನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಒಂಬತ್ತೂವರೆಗೆ, ಹತ್ತೂಕಾಲಿಗೆ ಬಂದ ಸೂಚನೆಗಳೂ ಆಕೆಯ ಉತ್ತರಗಳೂ ಇದ್ದವು.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಸಾಕ್ಷಿ ಬೇಕೆಂದು ಕೆಲಸ ಬಿಡುವ ಹಿಂದಿನ ರಾತ್ರಿ ಕಂಪನಿಯ ನಕ್ಷೆಗಳನ್ನೆಲ್ಲ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತಾರೆ. ಮರುವಾರ ಗೌಪ್ಯತೆಯ ಒಪ್ಪಂದ ಮುರಿದಿದ್ದೀರಿ ಎಂಬ ನೋಟಿಸು ಬರುತ್ತದೆ, ಸಂಬಳದ ವಿಷಯ ಹಿಂದೆ ಸರಿದು ಕಳವಿನ ಮಾತು ಮುಂದೆ ಬರುತ್ತದೆ. ಕಡತ ಬೇಕಿಲ್ಲ. ನಕ್ಷೆಯ ಸಂಖ್ಯೆ, ಪರಿಷ್ಕರಣೆ, ದಿನಾಂಕ ಇಷ್ಟನ್ನು ನಿಮ್ಮದೇ ಡೈರಿಯಲ್ಲಿ ದಿನವೂ ಬರೆದಿಡಿ, ಬಂದ ಮತ್ತು ಹೊರಟ ಹೊತ್ತಿನೊಂದಿಗೆ; ಮೂಲ ಕಡತಗಳನ್ನು ಹಾಜರುಪಡಿಸುವಂತೆ, ವೇತನ ಬಾಕಿಯ ಅರ್ಜಿಗಳನ್ನು ವಿಚಾರಿಸುವ ಪ್ರಾಧಿಕಾರದ ಮುಂದೆ ಆಮೇಲೆ ಕೇಳಬಹುದು. ನಿಮ್ಮ ಫೋನಿನಲ್ಲಿರುವ ಸಂದೇಶಗಳನ್ನು ಅಳಿಸಬೇಡಿ, ಪ್ರಕರಣ ಮುಗಿಯುವವರೆಗೆ ಆ ಫೋನನ್ನು ಮಾರಬೇಡಿ, ಏಕೆಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಆ ಸಂದೇಶಗಳ ಮುದ್ರಿತ ಪ್ರತಿಯೊಂದಿಗೆ, ಅವು ಯಾವ ಸಾಧನದಿಂದ ಬಂದವು ಎಂಬ ಪ್ರಮಾಣಪತ್ರವನ್ನೂ ಕೊಡಬೇಕಾಗುತ್ತದೆ.

ರೆಫರೆನ್ಸ್‌ನ ಭಯದ ಬಗ್ಗೆ ನಾನು ಯಾರಿಗೂ ಸುಳ್ಳು ಧೈರ್ಯ ಹೇಳುವುದಿಲ್ಲ. ಒಳ್ಳೆಯ ಮಾತು ಬರೆದುಕೊಡಿ ಎಂದು ಯಾವ ಮಾಲೀಕರನ್ನೂ ಕಾನೂನಿನಿಂದ ಒತ್ತಾಯಿಸಲಾಗುವುದಿಲ್ಲ; ವಿನ್ಯಾಸದಂಥ ಸಣ್ಣ ವಲಯದಲ್ಲಿ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡುವುದು ನಿಜವೇ. ಆದರೆ ಎರಡು ಪತ್ರಗಳನ್ನು ಬೇರೆ ಬೇರೆಯಾಗಿ ನೋಡಬೇಕು. ನೀವು ಎಷ್ಟು ಒಳ್ಳೆಯವರು ಎಂಬುದು ಅವರ ಅಭಿಪ್ರಾಯ. ನೀವು ಇಂಥ ದಿನದಿಂದ ಇಂಥ ದಿನದವರೆಗೆ ಇಂಥ ಕೆಲಸ ಮಾಡಿದಿರಿ ಎಂಬುದು ಸಂಗತಿ. ಹಿನ್ನೆಲೆ ಪರಿಶೀಲನೆ ನಡೆಸುವ ಕಂಪನಿಗಳು ಮುಖ್ಯವಾಗಿ ನೋಡುವುದು ಎರಡನೆಯದನ್ನು, ಮತ್ತು ಅದನ್ನು ಮಾಲೀಕರ ಪತ್ರವಿಲ್ಲದೆಯೂ ತೋರಿಸಲು ದಾರಿಗಳಿವೆ: ಆಫರ್ ಲೆಟರ್, ಪ್ರತಿ ತಿಂಗಳು ಅವರ ಖಾತೆಯಿಂದ ಹಣ ಬಂದಿರುವ ಬ್ಯಾಂಕ್ ವಿವರ, ಸ್ಟೈಪೆಂಡ್‌ನಲ್ಲಿ ತೆರಿಗೆ ಮುರಿದಿದ್ದರೆ ಆದಾಯ ತೆರಿಗೆಯ 26ಎಎಸ್ ವಿವರದಲ್ಲಿ ಕಾಣುವ ಕಂಪನಿಯ ಹೆಸರು. ಈ ಯುವತಿಯ ಪರ ಮಾತನಾಡಲು ಇನ್ನೊಬ್ಬರೂ ಇದ್ದರು. ಎರಡನೆಯ ತಿಂಗಳಲ್ಲಿ ಕೆಲಸ ಬಿಟ್ಟಿದ್ದ ಅದೇ ಹಿರಿಯರು. ಬಿಟ್ಟುಹೋದವರನ್ನು ಕೇಳಬಹುದು ಎಂಬುದೇ ಅನೇಕರಿಗೆ ಹೊಳೆಯುವುದಿಲ್ಲ.

ಸುಮ್ಮನಿರುವ ವಿಷಯದಲ್ಲೂ ಒಂದು ಗೆರೆ ಇದೆ. ಅಧಿಕಾರವುಳ್ಳ ಅಧಿಕಾರಿಯ ಮುಂದೆ ಸದುದ್ದೇಶದಿಂದ ಕೊಟ್ಟ ದೂರು ಮಾನಹಾನಿಯಾಗುವುದಿಲ್ಲ. ಅದೇ ಮಾತನ್ನು ಮಾಲೀಕರ ಹೆಸರು ಹಾಕಿ ಸಾಮಾಜಿಕ ಜಾಲತಾಣದಲ್ಲಿ ಬರೆದರೆ ಆ ರಕ್ಷಣೆ ಸಿಗುವುದಿಲ್ಲ. ಸಿಟ್ಟು ನ್ಯಾಯವಾದದ್ದೇ ಆದರೂ, ಮೊದಲು ದೂರು ಕೊಡಿ ಎಂದು ಹೇಳುತ್ತೇನೆ.

ನಾವು ಮೊದಲು ಒಂದೂವರೆ ಪುಟದ ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಅದರಲ್ಲಿ ಬೈಗುಳವಾಗಲಿ ವಿಶೇಷಣವಾಗಲಿ ಇರಲಿಲ್ಲ. ದಿನಾಂಕಗಳು, ಗಂಟೆಗಳು, ಹನ್ನೊಂದು ನಕ್ಷೆಗಳ ಸಂಖ್ಯೆಗಳು, ಮೇಲಿನ ಲೆಕ್ಕ ಇಷ್ಟೇ ಇದ್ದವು. ಉತ್ತರ ಬಾರದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗುವುದು, ಅಲ್ಲಿಂದ ಸಂಹಿತೆಯ 45ನೆಯ ಪ್ರಕರಣದಡಿ ಪ್ರಾಧಿಕಾರಕ್ಕೆ ಅರ್ಜಿ ಹಾಕುವುದು ಎಂದು ತೀರ್ಮಾನಿಸಿದ್ದೆವು. ಅದಕ್ಕೆ ಮೂರು ವರ್ಷಗಳ ಕಾಲಾವಕಾಶವಿದೆ. ಹಿಂದಿನ ಕನಿಷ್ಠ ವೇತನ ಕಾಯ್ದೆಯಲ್ಲಿ ಇದ್ದದ್ದು ಆರು ತಿಂಗಳು ಮಾತ್ರ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಅಷ್ಟು ಸಿಕ್ಕೇ ಸಿಗುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ, ಆದರೆ ಆ ಮಾತು ನೋಟಿಸಿನಲ್ಲಿ ಇದ್ದೇ ಇರುತ್ತದೆ.

ಹದಿನೆಂಟು ದಿನಗಳ ನಂತರ ಅವರ ವಕೀಲರು ಫೋನ್ ಮಾಡಿದರು. ಕೊನೆಗೆ ಆಕೆ 72,000 ರೂಪಾಯಿಗೆ ಒಪ್ಪಿಕೊಂಡರು. ಪೂರ್ತಿ ಬಾಕಿಗಾಗಿ ಹೋರಾಡೋಣ ಎಂದು ನಾನು ಹೇಳಿದ್ದೆ; ಹೊಸ ಊರಿನಲ್ಲಿ ಬಾಡಿಗೆ ಕಟ್ಟಬೇಕಾದವರು ಅವರು, ಆದ್ದರಿಂದ ತೀರ್ಮಾನ ಅವರದೇ. ಪತ್ರದ ಕರಡನ್ನು ಮಾತ್ರ ನಾವೇ ಬರೆದು ಕಳಿಸಿದೆವು. ಅದರಲ್ಲಿ ಹೊಗಳಿಕೆಯ ಒಂದು ಪದವೂ ಇರಲಿಲ್ಲ. ಸೇರಿದ ದಿನ, ಬಿಟ್ಟ ದಿನ, ಮಾಡಿದ ಕೆಲಸ, ಮತ್ತು ಹುದ್ದೆಯ ಹೆಸರಿನ ಜಾಗದಲ್ಲಿ ಇಂಟರ್ನ್ ಎಂಬುದರ ಬದಲು ಕಿರಿಯ ವಿನ್ಯಾಸಕಿ ಎಂದಿತ್ತು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಅದು ಹಾಗೆಯೇ ಸಹಿಯಾಗಿ ಬಂತು.